ಗಾಳಿ ಬಂತು, ರಕ್ತ ಬರಲಿಲ್ಲ

ರೈಟ್ ಮಾಮ ಎಂದರೆ ಬಸ್ ನಿಲ್ದಾಣದ ಹಳೆಯ ಡ್ರೈವರುಗಳು ಇವತ್ತಿಗೂ ನಗುತ್ತಾರೆ. ಪ್ರೀತಿಯ ನಗು ಅದು. ಮಾಮ ಅಲ್ಲಿ ಮೂವತ್ತನಾಲ್ಕು ವರ್ಷ ಕಂಟ್ರೋಲರ್ ಆಗಿದ್ದವರು. ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಬರೆದುಕೊಂಡು, ಹೊತ್ತಿಗೆ ಸರಿಯಾಗಿ ಬಂದ ಬಸ್ಸಿನ ಮುಂದೆ ಕೆಂಪು ಪೆನ್ಸಿಲಿನಲ್ಲಿ ರೈಟ್ ಮಾರ್ಕು ಹಾಕುವುದು ಅವರ ಕೆಲಸ. ಮಾರ್ಕು ಬೀಳದ ಡ್ರೈವರಿಗೆ ಮೇಲಿನ ಆಫೀಸಿನಿಂದ ಕಾರಣ ಕೇಳಿ ಕಾಗದ ಬರುತ್ತಿತ್ತು. ಆ ಡ್ರೈವರು ಬೆವರು ಒರೆಸಿಕೊಳ್ಳುತ್ತಾ ಕಿಟಕಿಯ ಹತ್ತಿರ ಬಂದು, "ಮಾಮಾ, ದಾರೀಲಿ ಟೈರು ಕೈಕೊಡ್ತು, ಸುಳ್ಳಲ್ಲ, ಕೈ ನೋಡಿ ಗ್ರೀಸು" ಎಂದರೆ ಸಾಕು, ಮಾಮನ ಪೆನ್ಸಿಲು ತಾನಾಗಿಯೇ ಓಡುತ್ತಿತ್ತು. ಇಪ್ಪತ್ತು ನಿಮಿಷ ತಡವಾದದ್ದಕ್ಕೂ ರೈಟ್, ಅರ್ಧ ಗಂಟೆಗೂ ರೈಟ್. "ಯಾರ ಮನೆ ಹಾಳಾಗುತ್ತೆ ಅದರಿಂದ" ಎನ್ನುತ್ತಿದ್ದರು. ಯಾರ ಮನೆಯೂ ಹಾಳಾಗಲಿಲ್ಲ. ನಿವೃತ್ತಿಯ ದಿನ ಡ್ರೈವರುಗಳೆಲ್ಲ ಸೇರಿ ಅವರನ್ನು ಹೆಗಲ ಮೇಲೆ ಹೊತ್ತು ನಿಲ್ದಾಣ ಸುತ್ತಿಸಿದ್ದರು.

ಅವರ ಹೆಂಡತಿಯನ್ನು ಬೀದಿಯವರು ಟೈಲರಮ್ಮ ಎಂದೇ ಕರೆಯುವುದು. ಮುಂದಿನ ಕೋಣೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ನು, ಗೋಡೆಯ ಮೊಳೆಗಳಿಗೆ ಬೇರೆಯವರ ಬಟ್ಟೆ, ಬಾಯಲ್ಲಿ ಸದಾ ಎರಡು ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಮಾತಾಡುವುದನ್ನು ಕಲಿತಿದ್ದಾಕೆ. ಬೀದಿಯ ಅರ್ಧ ಮಕ್ಕಳ ಶಾಲೆಯ ಅಂಗಿ ಆಕೆಯ ಕೈಯಲ್ಲಿ, ಅಲ್ಲ, ಆಕೆಯ ಕಾಲಿನಲ್ಲಿ ಹುಟ್ಟಿದ್ದು.

ಆ ಟೈಲರಮ್ಮ ಒಂದು ದಿನ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಸೋಪಿನ ನೀರಿಗೆ ಕಾಲಿಟ್ಟು ಜಾರಿ ಕುಕ್ಕರಿಸಿ ಬಿದ್ದರು. ಸೊಂಟದ ಕೆಳಭಾಗದ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಮೂಳೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ಪ್ಲಾಸ್ಟರ್ ಬೇಡ, ಆಪರೇಷನ್ ಬೇಡ. ನೋವಿನ ಮಾತ್ರೆ ನುಂಗಿ, ವಾಕರ್ ಹಿಡ್ಕೊಂಡು ದಿನಕ್ಕೆ ಆರು ಸಲ ನಡೀಬೇಕು. ಮಲಗಿಬಿಟ್ರೆ ಕೆಟ್ರಿ" ಎಂದರು. ಯಾಕೆ ಕೆಡುತ್ತದೆ ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಹೊರಗೆ ಜನ ಸಾಲು ನಿಂತಿದ್ದರು.

ವ್ಯಾಯಾಮ ಮಾಡಿಸುವ ಫಿಸಿಯೋ ಮೂವತ್ತರ ಆಸುಪಾಸಿನ ದಢೂತಿ ಮನುಷ್ಯ, ಎದೆ ಸೆಟೆಸಿ ನಿಲ್ಲುತ್ತಿದ್ದ. ಟೈಲರಮ್ಮ ಅವನಿಗೆ ಮೊದಲ ದಿನವೇ ಡ್ರಿಲ್ ಮಾಸ್ತರ ಎಂದು ಹೆಸರಿಟ್ಟರು. ಅವನು ಒಂದು ದೊಡ್ಡ ಹಾಳೆ ಕೊಟ್ಟ. ದಿನಕ್ಕೆ ಆರು ಚೌಕ. ನಡೆದಾಗಲೆಲ್ಲ ಒಂದು ಚೌಕಕ್ಕೆ ಗುರುತು ಹಾಕಬೇಕು.

"ಇದು ನನ್ನ ಲೈನಿನ ಕೆಲಸ, ನೀವು ಯೋಚನೆ ಬಿಡಿ" ಎಂದರು ಮಾಮ.

ಮೊದಲ ದಿನ ಟೈಲರಮ್ಮ ವಾಕರ್ ಹಿಡಿದು ಮಂಚದಿಂದ ಕಿಟಕಿಯವರೆಗೆ ಹೋದರು. ಏಳು ಹೆಜ್ಜೆ. ಏಳನೆಯದಕ್ಕೆ ಆಕೆಯ ಕಣ್ಣಲ್ಲಿ ನೀರು ಬಂತು. ಮಿಷನ್ನಿನ ಸೂಜಿ ಬೆರಳಿನ ಆಚೆ ಬಂದಾಗಲೂ, "ಸ್ವಲ್ಪ ಇಕ್ಕಳ ಕೊಡಿ" ಎಂದು ಕೇಳಿದ್ದ ಹೆಂಗಸು. ಆ ಕಣ್ಣಲ್ಲಿ ನೀರು ನೋಡಿ ಮಾಮ ಓಡಿ ಬಂದು ತೋಳು ಹಿಡಿದರು.

"ಸಾಕು, ಸಾಕು ಕಣೇ, ಕೂತ್ಕೋ. ಯಾರಿಗೆ ತೋರಿಸ್ಬೇಕು ಇದನ್ನ?"

"ಡ್ರಿಲ್ ಮಾಸ್ತರನಿಗೆ."

"ಅವನನ್ನ ನಾನು ನೋಡ್ಕೋತೀನಿ."

ಸಂಜೆ ಅವರು ಕನ್ನಡಕ ಹಾಕಿಕೊಂಡು ಹಾಳೆಯ ಆರೂ ಚೌಕಕ್ಕೆ ಒಂದೊಂದು ರೈಟ್ ಎಳೆದರು. ಮಂಚದಿಂದ ಟೈಲರಮ್ಮ ಕತ್ತು ಚಾಚಿ ನೋಡಿದರು.

"ಏನ್ರೀ ಅದು? ನಡೆದಿದ್ದು ಒಂದು ಸಲ, ಅದೂ ಅರ್ಧ."

"ಮಿಕ್ಕಿದ್ದು ನಾಳೆ ನಡೀತೀಯಲ್ಲ."

"ಓಹೋ, ಮುಂಗಡ ಬುಕ್ಕಿಂಗು!" ಎಂದು ಆಕೆ ನಕ್ಕರು. ನಕ್ಕಿದ್ದಕ್ಕೆ ಸೊಂಟ ಹಿಡಿದುಕೊಂಡಿತು. ಅದನ್ನು ನೋಡಿ ಮಾಮ, ನಗಿಸುವುದನ್ನೂ ಕಡಿಮೆ ಮಾಡಬೇಕು ಎಂದುಕೊಂಡರು.

ಹೀಗೆ ಮೂರು ವಾರ ಕಳೆಯಿತು. ಮಾಮ ಆಕೆಯನ್ನು ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಮಂಚದ ಪಕ್ಕಕ್ಕೇ ಕಮೋಡು ಕುರ್ಚಿ ತಂದಿಟ್ಟರು. ಚಹಾ ಅಲ್ಲಿಗೇ, ಊಟ ಅಲ್ಲಿಗೇ, ತಲೆ ಬಾಚುವುದೂ ಅಲ್ಲೇ. ಜಡೆ ಹೆಣೆಯಲು ಬಾರದೆ ಮೂರು ಎಳೆಯನ್ನು ಗಂಟು ಹಾಕಿ, "ಹಗ್ಗ ಕಟ್ಟಿದ ಹಾಗಿದೆ" ಎಂದು ಬೈಸಿಕೊಂಡರು. ಅಷ್ಟು ವರ್ಷ ಆ ಕಾಲು ದುಡಿದಿದೆ, ಈಗ ಸ್ವಲ್ಪ ದಿನ ಸುಮ್ಮನಿರಲಿ ಎಂಬುದು ಅವರ ಲೆಕ್ಕಾಚಾರ. ಪ್ರೀತಿಯಲ್ಲಿ ಹಾಗೆ ಅನ್ನಿಸುವುದು ಸಹಜ. ಆಕೆಗೂ ಅದು ಬೇಡವಾಗಿರಲಿಲ್ಲ. ಮದುವೆಯಾಗಿ ಇಷ್ಟು ಕಾಲದಲ್ಲಿ ಗಂಡ ತನಗಾಗಿ ಚಹಾ ಮಾಡಿದ್ದು ಇದೇ ಮೊದಲು, ಅದು ಎಷ್ಟೇ ಕಹಿಯಾಗಿದ್ದರೂ.

ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುವ ದಿನ ನೋವಿನ ಮಾತ್ರೆಯನ್ನು ಒಂದು ಗಂಟೆ ಮೊದಲೇ ನುಂಗಿಸಿ ಕರೆದುಕೊಂಡು ಹೋಗುತ್ತಿದ್ದರು. ಡ್ರಿಲ್ ಮಾಸ್ತರನ ಕೋಣೆಯಲ್ಲಿ ಟೈಲರಮ್ಮ ಹಲ್ಲು ಕಚ್ಚಿ ಹತ್ತು ಹೆಜ್ಜೆ ನಡೆಯುತ್ತಿದ್ದರು. "ನಮ್ಮ ಕಂಟ್ರೋಲರ್ ಸಾಹೇಬರು ನನ್ನನ್ನ ಕೂರೋಕೇ ಬಿಡಲ್ಲ" ಎಂದು ಸುಳ್ಳು ಬೇರೆ ಸೇರಿಸುತ್ತಿದ್ದರು. ಗಂಡನ ಮರ್ಯಾದೆ ಕಾಯುವುದರಲ್ಲಿ ಆಕೆ ಎತ್ತಿದ ಕೈ. ಮಾಸ್ತರ ಆ ಹಾಳೆಯನ್ನು ನೋಡಿ ಎಷ್ಟು ಹಿಗ್ಗಿದನೆಂದರೆ, ಅದರ ನಕಲು ತೆಗೆದು ತನ್ನ ಗೋಡೆಗೆ ಅಂಟಿಸಿದ. ಬೇರೆ ರೋಗಿಗಳಿಗೆ, "ನೋಡಿ, ಈ ಅಜ್ಜಿ ಒಂದು ಸಲಾನೂ ತಪ್ಪಿಸಿಲ್ಲ" ಎನ್ನುತ್ತಿದ್ದ. ಮಾಮನಿಗೆ ಸ್ವಲ್ಪ ಕಸಿವಿಸಿಯಾಯಿತು. ಆದರೂ ಯಾರ ಮನೆ ಹಾಳಾಗುತ್ತೆ ಅದರಿಂದ, ಎಂದುಕೊಂಡರು.

ಮೂರನೆಯ ವಾರದ ಕೊನೆಗೆ, ಬಟ್ಟೆ ಬದಲಿಸುವಾಗ ಟೈಲರಮ್ಮನಿಗೆ ಇದ್ದಕ್ಕಿದ್ದಂತೆ ಏದುಸಿರು ಬಂತು. ಬಲ ಪಕ್ಕೆಯಲ್ಲಿ ಚುಚ್ಚಿದ ಹಾಗೆ. ಮಾಮ ಬಿಸಿನೀರು ಕುಡಿಸಿ ಬೆನ್ನು ನೀವಿದರು. "ಗ್ಯಾಸು" ಎಂದರು ಆಕೆ. "ನನ್ನ ಚಹಾ" ಎಂದರು ಇವರು. ಹತ್ತು ನಿಮಿಷದಲ್ಲಿ ಇಳಿಯಿತು. ಇಬ್ಬರೂ ಮರೆತರು.

ಎರಡು ದಿನ ಕಳೆದು, ಬೆಳಿಗ್ಗೆ ಹಾಲಿನವನು ಬಂದು ಹೋದ ಮೇಲೆ, ಟೈಲರಮ್ಮ ಕಮೋಡು ಕುರ್ಚಿಯಿಂದ ಎದ್ದು ಮಂಚದ ಕಡೆ ತಿರುಗಿದವರು ಹಾಗೇ ಕುಸಿದರು. ಮಾಮ ಓಡಿ ಬಂದು ಹಿಡಿದುಕೊಂಡರು. ಆಕೆಯ ತುಟಿ ಮಸುಕು ನೀಲಿಯಾಗಿತ್ತು. ಹಣೆಯಲ್ಲಿ ತಣ್ಣಗಿನ ಬೆವರು. ಮೂರು ಮಹಡಿ ಓಡಿ ಹತ್ತಿದವರ ಹಾಗೆ ಎದೆ ಏರಿಳಿಯುತ್ತಿತ್ತು.

"ಗಾಳಿ..." ಎಂದರು ಆಕೆ, "ಗಾಳಿ ಬರ್ತಿದೆ... ಸಾಲ್ತಿಲ್ಲ ರೀ."

ಮಾಮ ಕೂಗಿಕೊಂಡರು. ಪಕ್ಕದ ಮನೆಯಾಕೆ ಓಡಿ ಬಂದು ಆಂಬುಲೆನ್ಸಿಗೆ ಫೋನು ಮಾಡಿದಳು. ಹೊರಡುವಾಗ ಮಾಮ ಕೈಗೆ ಸಿಕ್ಕಿದ ಆಸ್ಪತ್ರೆಯ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡರು. ಚೌಕದ ಹಾಳೆ ಅದರೊಳಗೇ ಇತ್ತು.

ತುರ್ತು ವಿಭಾಗದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೂದಲನ್ನು ಗಂಟು ಕಟ್ಟಿ ಅದಕ್ಕೊಂದು ಪೆನ್ನು ಸಿಕ್ಕಿಸಿದ್ದಳು. ಮಾತು ಕಡಿಮೆ, ಕೈ ಚುರುಕು. ಟೈಲರಮ್ಮನ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿದಾಗ ಯಂತ್ರದಲ್ಲಿ ಎಂಬತ್ತಾರು ಎಂದು ಬಂತು. ತೊಂಬತ್ತೈದರ ಮೇಲಿರಬೇಕಿತ್ತಂತೆ. ನಾಡಿ ನೂರಿಪ್ಪತ್ತೆಂಟು. ಮೂಗು ಬಾಯಿ ಮುಚ್ಚುವ ಮಾಸ್ಕಿನಲ್ಲಿ ಆಕ್ಸಿಜನ್ ಬಿಟ್ಟ ಮೇಲೆ ಎಂಬತ್ತಾರು ತೊಂಬತ್ತೆರಡಕ್ಕೆ ಬಂದು ನಿಂತಿತು, ಮುಂದೆ ಹೋಗಲಿಲ್ಲ. ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಕೇಳಿದಳು. ಎದೆಯ ಎಕ್ಸ್‌ರೇ ತೆಗೆಸಿದಳು. ಇಸಿಜಿ ತೆಗೆದು ಹೃದಯದ ಬಡಿತದ ಪಟ್ಟಿ ನೋಡಿದಳು. ಎರಡೂ ಕಾಲಿನ ಮೀನಖಂಡವನ್ನು ಟೇಪಿನಲ್ಲಿ ಅಳೆದಳು. ಎರಡೂ ಒಂದೇ ಅಳತೆ, ಊತವಿಲ್ಲ.

ಟೇಪು ಕಂಡು ಟೈಲರಮ್ಮ ಮಾಸ್ಕಿನೊಳಗಿಂದ ಏನೋ ಹೇಳಿದರು. ಡಾಕ್ಟರು ಬಗ್ಗಿ ಕೇಳಿದಳು.

"ಏನಂತಾರೆ?" ಎಂದರು ಮಾಮ.

"ಟೇಪು ಸಡಿಲ ಹಿಡಿದಿದ್ದೀನಂತೆ" ಎಂದಳು ಡಾಕ್ಟರು. ಮೊದಲ ಸಲ ನಕ್ಕಳು.

ಆಮೇಲೆ ಮಾಮನನ್ನು ಪರದೆಯ ಈಚೆಗೆ ಕರೆದುಕೊಂಡು ಬಂದಳು.

"ಅಜ್ಜ, ನೇರವಾಗಿ ಹೇಳ್ತೀನಿ. ಗಾಳಿ ಎರಡೂ ಕಡೆ ಚೆನ್ನಾಗಿ ಹೋಗ್ತಿದೆ. ಎಕ್ಸ್‌ರೇಲಿ ಏನೂ ತೊಂದರೆ ಕಾಣ್ತಿಲ್ಲ. ಆದ್ರೂ ರಕ್ತದಲ್ಲಿ ಆಕ್ಸಿಜನ್ ಸಾಲ್ತಿಲ್ಲ. ನನಗೊಂದು ಅನುಮಾನ ಇದೆ. ಈಗ ಹೇಳಿ, ಮೂಳೆ ಬಿರುಕು ಬಿಟ್ಟ ಮೇಲೆ ಇವರು ಹಾಸಿಗೆ ಹಿಡಿದಿದ್ರಾ? ಮೂರು ನಾಲ್ಕು ದಿನ ಒಟ್ಟಿಗೆ ಮಲಗೇ ಇದ್ರಾ?"

ಮಾಮ ಬಾಯಿ ತೆರೆಯುವುದರೊಳಗೆ ಬಾಗಿಲಲ್ಲಿ ಡ್ರಿಲ್ ಮಾಸ್ತರ. ತನ್ನ ಅಜ್ಜಿ ತುರ್ತು ವಿಭಾಗಕ್ಕೆ ಬಂದಿದ್ದಾರೆಂದು ಯಾರೋ ಹೇಳಿ, ಮೇಲಿನ ಮಹಡಿಯಿಂದ ಇಳಿದು ಬಂದಿದ್ದ.

"ಮಲಗೋದಾ? ಈ ಅಜ್ಜಿನಾ?" ಎಂದ. "ಡಾಕ್ಟ್ರೇ, ಇವರಷ್ಟು ನಡೆದ ಪೇಷೆಂಟು ನನ್ನ ಹತ್ರ ಇನ್ನೊಬ್ಬರಿಲ್ಲ. ದಿನಕ್ಕೆ ಆರು ಸಲ. ಅಜ್ಜ, ಆ ಹಾಳೆ ತೋರ್ಸಿ."

ಫೈಲು ಮಾಮನ ಕೈಯಲ್ಲೇ ಇತ್ತು. ಮಾಸ್ತರನೇ ಎಳೆದು ಬಿಡಿಸಿದ. ಸಾಲುಸಾಲು ಕೆಂಪು ರೈಟು, ಒಂದೂ ಚೌಕ ಖಾಲಿಯಿಲ್ಲ.

ಡಾಕ್ಟರು ಹಾಳೆಯನ್ನು ನೋಡಿದಳು, ಮಾಮನನ್ನು ನೋಡಿದಳು. "ಇಷ್ಟೂ ನಡೆದಿದ್ದಾರಾ?"

"ಹೂಂ" ಎಂದುಬಿಟ್ಟರು ಮಾಮ. ಅಷ್ಟು ವರ್ಷದ ರೂಢಿ ಅದು. ಮಾರ್ಕು ಹಾಕಿದ ಮೇಲೆ ಅದರ ಬೆನ್ನಿಗೆ ನಿಲ್ಲುವುದೂ ಕಂಟ್ರೋಲರನ ಧರ್ಮ.

ಡಾಕ್ಟರು ಕೂದಲಿನ ಪೆನ್ನು ತೆಗೆದು ತನ್ನ ಚೀಟಿಯಲ್ಲಿ ಬರೆದಿದ್ದ ಏನನ್ನೋ ಹೊಡೆದುಹಾಕಿದಳು. "ಹಾಗಾದ್ರೆ ಅನುಮಾನ ಸ್ವಲ್ಪ ಕಮ್ಮಿ ಆಗುತ್ತೆ. ಶುರುವಿನ ನ್ಯುಮೋನಿಯಾನೂ ಇರಬಹುದು, ಎಕ್ಸ್‌ರೇಲಿ ಇನ್ನೂ ಕಾಣ್ತಿಲ್ಲ ಅಷ್ಟೇ. ರಕ್ತ ಪರೀಕ್ಷೆಗೆ ಕಳಿಸ್ತೀನಿ. ಸ್ಕ್ಯಾನ್ ಮಾಡಿದ್ರೆ ಖಚಿತ ಗೊತ್ತಾಗುತ್ತೆ. ಆದ್ರೆ ಅಲ್ಲಿ ಅಪಘಾತದವರು ಇಬ್ಬರು ಇದ್ದಾರೆ, ಒಂದೂವರೆ ಗಂಟೆ ಆಗುತ್ತೆ."

"ಆ ಅನುಮಾನಕ್ಕೆ ಮದ್ದಿಲ್ವಾ ಮಗಳೇ? ಈಗಲೇ ಕೊಟ್ಟುಬಿಡಿ."

"ಇದೆ. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಮದ್ದು. ಆದ್ರೆ ನಾಲ್ಕು ವರ್ಷದ ಹಿಂದೆ ಇವರಿಗೆ ಹೊಟ್ಟೆ ಹುಣ್ಣಿಂದ ರಕ್ತ ಹೋಗಿತ್ತು ಅಂತ ಫೈಲಲ್ಲಿದೆ. ಗಟ್ಟಿ ಕಾರಣ ಇಲ್ದೆ ಕೊಟ್ರೆ, ಅಲ್ಲಿ ಮತ್ತೆ ರಕ್ತ ಒಸರಿದ್ರೆ ಏನ್ಮಾಡ್ಲಿ?"

ಮಾಮ ಪರದೆಯ ಸಂದಿನಿಂದ ಒಳಗೆ ನೋಡಿದರು. ಟೈಲರಮ್ಮ ಕಣ್ಣು ಮುಚ್ಚಿಕೊಂಡು ಉಸಿರನ್ನು ಎಣಿಸುವವರ ಹಾಗೆ ಎಳೆಯುತ್ತಿದ್ದರು. ಕೊರಳಿನ ನರ ಉಬ್ಬಿತ್ತು.

"ಗಾಳಿ ಹೋಗ್ತಿದೆ ಅಂತೀರಿ" ಎಂದರು ಮಾಮ, ಮೆಲ್ಲಗೆ. "ಹೋದ ಗಾಳಿ ಏನಾಗ್ತಿದೆ? ನಾನು ಓದಿದೋನಲ್ಲ. ತಿಳಿಯೋ ಹಾಗೆ ಹೇಳಿ."

ಬೇರೆ ಡಾಕ್ಟರಾಗಿದ್ದರೆ ಆಮೇಲೆ ಎನ್ನುತ್ತಿದ್ದರೇನೋ. ಈಕೆ ಕೈಗವಸಿನ ಖಾಲಿ ಡಬ್ಬಿಯ ಬೆನ್ನ ಮೇಲೆ ಒಂದು ಮರ ಬರೆದಳು, ಕೊಂಬೆಯ ತುದಿಗೆಲ್ಲ ಪುಟ್ಟ ಪುಟ್ಟ ಗುಳ್ಳೆ.

"ಇವು ಶ್ವಾಸಕೋಶದ ಗಾಳಿ ಗೂಡುಗಳು. ಉಸಿರೆಳೆದಾಗ ಗಾಳಿ ಇಲ್ಲಿಗೆ ಬರುತ್ತೆ. ಆದ್ರೆ ಅದು ಅರ್ಧ ಕೆಲಸ. ಗೂಡಿನ ಸುತ್ತ ಕೂದಲಿಗಿಂತ ಸಣ್ಣ ರಕ್ತನಾಳ ಇದೆ. ಹೃದಯದ ಬಲಗಡೆ ಭಾಗ ಅಲ್ಲಿಗೆ ರಕ್ತ ಕಳಿಸ್ಬೇಕು, ಆ ರಕ್ತ ಆಕ್ಸಿಜನ್ ಎತ್ಕೊಂಡು ಹೋಗ್ಬೇಕು. ಗಾಳಿನೂ ರಕ್ತಾನೂ ಒಂದೇ ಜಾಗದಲ್ಲಿ ಸೇರ್ಬೇಕು, ಅಜ್ಜ. ಈಗ ಕಾಲಲ್ಲೋ ಸೊಂಟದ ಒಳಗೋ ರಕ್ತ ಹೆಪ್ಪುಗಟ್ಟಿ, ಅದರ ಗಡ್ಡೆ ಕಿತ್ಕೊಂಡು ಬಂದು ಶ್ವಾಸಕೋಶದ ನಾಳಕ್ಕೆ ಅಡ್ಡ ಕೂತಿದೆ ಅಂದ್ಕೊಳ್ಳಿ. ಅದರ ಆಚೆಯ ಗೂಡುಗಳಿಗೆ ಗಾಳಿ ಬರ್ತಾನೇ ಇರುತ್ತೆ. ರಕ್ತ ಮಾತ್ರ ಬರಲ್ಲ. ನನ್ನ ಸ್ಟೆತಸ್ಕೋಪಿಗೆ ಕೇಳಿಸೋದು ಗಾಳಿಯ ಸದ್ದು ಅಷ್ಟೇ."

ಮಾಮ ಆ ಚಿತ್ರವನ್ನು ನೋಡುತ್ತಾ ನಿಂತರು. ಅವರ ಕಣ್ಣ ಮುಂದೆ ಬಂದದ್ದು ಮರವಲ್ಲ. ಬಹಳ ಹಿಂದೆ, ಅವರಿನ್ನೂ ಹೊಸಬರಾಗಿದ್ದಾಗ, ನಿಲ್ದಾಣದ ಬಲಗಡೆಯ ಪ್ಲಾಟ್‌ಫಾರ್ಮುಗಳಿಗೆ ಜನ ಬರುವ ನೆಲದಡಿಯ ದಾರಿಗೆ ಮಣ್ಣು ಕುಸಿದು ಬಿದ್ದಿತ್ತು. ಬಸ್ಸುಗಳಿಗೆ ಬೇರೆ ದಾರಿ, ಅವು ಹೊತ್ತಿಗೆ ಸರಿಯಾಗಿ ಬಂದವು. ನಿಂತವು. ಹಾರ್ನು ಹೊಡೆದು ಖಾಲಿಯೇ ಹೊರಟವು.

"ಬಸ್ಸು ಬಂತು, ಜನ ಬರಲಿಲ್ಲ" ಎಂದರು ಮಾಮ.

"ಹಾಂ?"

"ನಮ್ಮಲ್ಲಿ ಒಂದ್ಸಲ ಹಂಗಾಗಿತ್ತು. ದಾರಿ ಮುಚ್ಚಿತ್ತು. ಬಲಗಡೆ ಬಸ್ಸೆಲ್ಲ ಖಾಲಿ ಹೋದ್ವು. ಆ ಜನ ಎಲ್ಲಿಗೆ ಹೋಗ್ಬೇಕು? ಎಲ್ಲಾ ಎಡಗಡೆಗೆ ನುಗ್ಗಿದ್ರು. ಅಲ್ಲಿ ಇದ್ದಿದ್ದು ಅಷ್ಟೇ ಬಸ್ಸು. ಅರ್ಧ ಜನಕ್ಕೆ ಸೀಟು ಸಿಗಲಿಲ್ಲ."

ಡಾಕ್ಟರ ಪೆನ್ನು ನಿಂತಿತು. "ಅಜ್ಜ, ಅದೇ! ಪುಸ್ತಕದಲ್ಲೂ ಅದೇ ಇರೋದು. ತಡೆ ಬಿದ್ದ ಕಡೆ ಗಾಳಿ ದಂಡ. ಅಲ್ಲಿಗೆ ಹೋಗ್ಬೇಕಾಗಿದ್ದ ರಕ್ತ ಎಲ್ಲಾ ಮಿಕ್ಕ ಕಡೆಗೆ ನುಗ್ಗುತ್ತೆ, ಅಲ್ಲಿರೋ ಗಾಳಿ ಅಷ್ಟು ರಕ್ತಕ್ಕೆ ಸಾಕಾಗಲ್ಲ. ಪೂರ್ತಿ ಆಕ್ಸಿಜನ್ ಸಿಗದೇ ಇರೋ ರಕ್ತ ಹಾಗೇ ಮೈಗೆಲ್ಲಾ ಹೋಗುತ್ತೆ."

"ನಾನು ಹೆಚ್ಚಿಗೆ ಬಸ್ಸು ಬಿಡಿ ಅಂತ ಕೂಗಾಡಿದೆ. ಬಿಟ್ರು. ಅದರಲ್ಲೂ ಎಷ್ಟೋ ಬಲಗಡೆಗೇ ಹೋಗಿ ಖಾಲಿ ನಿಂತ್ವು."

"ಅದಕ್ಕೇ ನೋಡಿ ಅವರು ಅಷ್ಟು ಜೋರಾಗಿ ಉಸಿರಾಡ್ತಿರೋದು. ಅದರಲ್ಲಿ ಒಂದು ಪಾಲು ಸುಮ್ಮನೆ ಖಾಲಿ ಓಡಾಟ. ಮಾಸ್ಕಿಂದ ಸ್ವಲ್ಪ ಸಹಾಯ ಆಗುತ್ತೆ, ಒಂದೊಂದು ಬಸ್ಸಿಗೂ ಸೀಟು ಜಾಸ್ತಿ ಹಾಕ್ದ ಹಾಗೆ. ಆದ್ರೆ ಅದರಿಂದ ಮುಚ್ಚಿದ ದಾರಿ ತೆರೆಯೋದಿಲ್ಲ. ಇನ್ನೊಂದು ಗಡ್ಡೆ ಬಂದು ಕೂತ್ರೆ..." ಆಕೆ ಮಾತು ನಿಲ್ಲಿಸಿದಳು. "ಮುಚ್ಚಿದ ನಾಳಕ್ಕೆ ಎದುರಾಗಿ ತಳ್ಳಿ ತಳ್ಳಿ ಹೃದಯ ಸೋತುಹೋಗುತ್ತೆ. ನನಗೆ ಭಯ ಅದೇ. ಆದ್ರೆ ಗಡ್ಡೆ ಕಟ್ಟೋದು ಹೆಚ್ಚಾಗಿ ಮಲಗಿದವರಿಗೆ. ಮೀನಖಂಡ ಕುಣೀತಾ ಇದ್ರೆ ಕಾಲಿನ ರಕ್ತ ಮೇಲಕ್ಕೆ ಹೋಗ್ತಾ ಇರುತ್ತೆ. ಇವರು ಇಷ್ಟು ನಡೆದಿದ್ದಾರಲ್ಲ."

ಒಂದು ಕಡೆ ಡಾಕ್ಟರ ಕೈಯಲ್ಲಿ ಆ ಹಾಳೆ. ಇನ್ನೊಂದು ಕಡೆ ಎದೆ ಸೆಟೆಸಿ ನಿಂತ ಮಾಸ್ತರ, ಅವನ ಮುಖದಲ್ಲಿ ಮಗನ ಹೆಮ್ಮೆಯಂಥದ್ದು. ಪರದೆಯಾಚೆ ಯಾವುದೋ ಸದ್ದಾಯಿತು. ಟೈಲರಮ್ಮ ಕಣ್ಣು ತೆರೆದು ಇವರನ್ನೇ ನೋಡುತ್ತಿದ್ದರು. ಆಕೆ ಮಾತೆಲ್ಲ ಕೇಳಿಸಿಕೊಂಡಿರಬೇಕು. ಬೇಡ ಎಂಬಂತೆ ತಲೆ ಒಂದಿಷ್ಟೇ ಆಡಿಸಿದರು. ನಾಲ್ಕು ಜನರ ಮುಂದೆ ಗಂಡ ಸಣ್ಣವನಾಗುವುದು ಆಕೆಗೆ ಬೇಕಿರಲಿಲ್ಲ, ಉಸಿರಿಲ್ಲದಾಗಲೂ.

ಆ ತಲೆಯಾಡಿಸುವಿಕೆಯೇ ಮಾಮನ ನಾಲಿಗೆಯನ್ನು ಬಿಡಿಸಿತು.

"ಸುಳ್ಳು" ಎಂದರು.

"ಏನು?"

"ಆ ಮಾರ್ಕೆಲ್ಲಾ ಸುಳ್ಳು ಮಗಳೇ. ಅವಳು ನಡೆದೇ ಇಲ್ಲ. ನಾನೇ ನಡೆಯೋಕೆ ಬಿಡಲಿಲ್ಲ. ನೋವು ಪಡ್ತಾಳೆ ಅಂತ... ಮೂರು ವಾರದಿಂದ ಮಂಚ ಬಿಟ್ಟಿದ್ದು ಆಸ್ಪತ್ರೆಗೆ ಬರೋ ದಿನ ಮಾತ್ರ. ಕಮೋಡೂ ಮಂಚದ ಪಕ್ಕಕ್ಕೇ ಇಟ್ಟಿದ್ದೆ." ಮಾಮ ತಮ್ಮ ಪಕ್ಕೆಯ ಮೇಲೆ ಕೈಯಿಟ್ಟು ತೋರಿಸಿದರು. "ಮೊನ್ನೆ ಒಂದ್ಸಲ ಹೀಗೇ ಏದುಸಿರು ಬಂದಿತ್ತು. ಬಲ ಪಕ್ಕೆ ಚುಚ್ತು. ಹತ್ತು ನಿಮಿಷ. ಗ್ಯಾಸು ಅಂದ್ಕೊಂಡ್ವಿ. ಅದನ್ನೂ ಹೇಳಲಿಲ್ಲ ನಾನು."

ಮಾಸ್ತರನ ಸೆಟೆದ ಎದೆ ಇಳಿಯಿತು.

ಡಾಕ್ಟರು ಬೈಯಲಿಲ್ಲ. ಬೈಯಲು ಅವಳಿಗೆ ಹೊತ್ತಿರಲಿಲ್ಲ. ಹಾಳೆಯನ್ನು ಮಾಮನ ಕೈಗೆ ಕೊಟ್ಟು ಆಗಲೇ ನಡೆಯುತ್ತಿದ್ದಳು. "ಮೊನ್ನೆ ಬಂದಿದ್ದು ಸಣ್ಣ ಗಡ್ಡೆ ಇರಬೇಕು. ಇವತ್ತಿನದು ದೊಡ್ಡದು. ಸಿಸ್ಟರ್! ಸ್ಕ್ಯಾನಿಗೆ ಕಾಯೋದು ಬೇಡ, ಹೆಪಾರಿನ್ ಡ್ರಿಪ್ಪಲ್ಲಿ ಶುರು ಮಾಡಿ. ಹೊಟ್ಟೆ ಹುಣ್ಣಿನ ಇತಿಹಾಸ ಇದೆ, ಅದಕ್ಕೆ ಡ್ರಿಪ್ಪೇ. ರಕ್ತ ಒಸರಿದ್ರೆ ತಕ್ಷಣ ನಿಲ್ಲಿಸಬಹುದು. ಹೊಟ್ಟೆಗೂ ಮದ್ದು ಕೊಡಿ. ಸ್ಕ್ಯಾನಿನವರಿಗೆ ಫೋನ್ ಮಾಡಿ, ಅವರಿಬ್ಬರ ನಂತರ ಇವರೇ."

ಹೆಪ್ಪು ತಡೆಯುವ ಮದ್ದಿನ ಡ್ರಿಪ್ಪು ಏರಿತು. ಮಾಮ ಗೋಡೆಗೆ ಒರಗಿ ನಿಂತರು. ಮಾಸ್ತರ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಅವರ ಹಿಂದೆ ಇಟ್ಟ. ಕೂರಿಸಿದ.

"ಬೈದುಬಿಡಪ್ಪಾ" ಎಂದರು ಮಾಮ.

"ಬೈತೀನಿ" ಎಂದ ಮಾಸ್ತರ. "ಅಜ್ಜಿ ಹುಷಾರಾಗ್ಲಿ, ಆಮೇಲೆ ಸರಿಯಾಗಿ ಬೈತೀನಿ. ನಾನೂ ಕತ್ತೆ. ಮೂರು ವಾರ ನಡೆದವರ ಕಾಲು ಹೇಗಿರುತ್ತೆ ಅಂತ ನನಗೆ ಗೊತ್ತಿಲ್ವಾ? ಹಾಳೆ ನೋಡ್ದೆ, ಕಾಲು ನೋಡ್ಲಿಲ್ಲ." ಮೂಗು ಒರೆಸಿಕೊಂಡು ಮೇಲಿನ ಮಹಡಿಗೆ ಹೋದ. ಗೋಡೆಯ ನಕಲನ್ನು ಹರಿದು ಹಾಕಿದನಂತೆ.

ಸ್ಕ್ಯಾನಿಗೆ ಒಯ್ದದ್ದು ಒಂದೂ ಮುಕ್ಕಾಲು ಗಂಟೆಯ ಮೇಲೆ. ಡಾಕ್ಟರು ಕಂಪ್ಯೂಟರಿನ ಪರದೆಯ ಮೇಲೆ ತೋರಿಸಿದಳು. ಸ್ಕ್ಯಾನಿಗೆಂದು ನರಕ್ಕೆ ಕೊಟ್ಟ ಮದ್ದು ತುಂಬಿ ಬೆಳ್ಳಗೆ ಹೊಳೆಯುವ ನಾಳಗಳು, ಬಲ ಶ್ವಾಸಕೋಶದ ದೊಡ್ಡ ನಾಳದಲ್ಲಿ ಕಪ್ಪಗೆ ಬೆರಳುದ್ದದ ತಡೆ, ಎಡಗಡೆ ಇನ್ನೊಂದು ಚಿಕ್ಕದು. ಹೃದಯದ ಬಲಗಡೆ ಆಗಲೇ ಸ್ವಲ್ಪ ಉಬ್ಬಿತ್ತು.

"ಕಾಯ್ತಾ ಕೂತಿದ್ರೆ?" ಎಂದು ಕೇಳಿದರು ಮಾಮ.

"ಗೊತ್ತಿಲ್ಲ ಅಜ್ಜ" ಎಂದಳು. "ಕಾಯಲಿಲ್ಲವಲ್ಲ."

ಡ್ರಿಪ್ಪಿನ ಮದ್ದು ಗಡ್ಡೆಯನ್ನು ಕರಗಿಸುವುದಿಲ್ಲ, ಇನ್ನೂ ಬೆಳೆಯದಂತೆ, ಹೊಸದು ಕಟ್ಟದಂತೆ ಹಿಡಿದಿಡುತ್ತದೆ ಅಷ್ಟೇ. ಕರಗಿಸುವುದು ಮೈಯೇ ನಿಧಾನವಾಗಿ ಮಾಡಿಕೊಳ್ಳುವ ಕೆಲಸ, ವಾರಗಟ್ಟಲೆ ಹಿಡಿಯುತ್ತದೆ ಎಂದೂ ಆಕೆ ಹೇಳಿದಳು. ಕೊನೇಪಕ್ಷ ಮೂರು ತಿಂಗಳು ಮಾತ್ರೆ. ಹೊಟ್ಟೆಯಲ್ಲಿ ರಕ್ತ ಹೋಗುವ ಯಾವ ಗುರುತು ಕಂಡರೂ ಓಡಿ ಬರಬೇಕು.

ಆ ದಿನ ಇಳಿಹೊತ್ತಿಗೆ ಯಂತ್ರದಲ್ಲಿ ತೊಂಬತ್ತನಾಲ್ಕು ಬಂತು. ಮರುದಿನ ನಾಡಿ ನೂರಕ್ಕೆ ಇಳಿಯಿತು. ಮೂರನೆಯ ದಿನ ಮಾಸ್ಕು ತೆಗೆದು ಮೂಗಿಗೆ ಸಣ್ಣ ಕೊಳವೆ ಹಾಕಿದರು. ಟೈಲರಮ್ಮನಿಗೆ ಮಾತಾಡಲು ಬಾಯಿ ಸಿಕ್ಕಿತು. ಮೂರು ದಿನದ ಬಾಕಿ ಮಾತು ಒಳಗೇ ಕೂಡಿತ್ತು.

"ನಾನು ಬೇಡ ಅಂತ ತಲೆ ಆಡಿಸಿದ್ದು ಕಾಣಲಿಲ್ವಾ ನಿಮಗೆ?"

"ಕಂಡಿತು."

"ಆದ್ರೂ ಹೇಳಿದ್ರಿ."

"ಹೇಳಿದೆ."

"ಆ ಡ್ರಿಲ್ ಮಾಸ್ತರನ ಮುಂದೆ!"

"ಅವನ ಮುಂದೇನೇ."

ಟೈಲರಮ್ಮ ಹಾಸಿಗೆಯ ಮೇಲೆ ಕೈ ಸರಿಸಿ ಗಂಡನ ಕೈ ಹಿಡಿದುಕೊಂಡರು. ಬೆರಳಿನ ಕ್ಲಿಪ್ಪು ಸರಿದು ಯಂತ್ರ ಕೂಗಿತು. ನರ್ಸು ಓಡಿ ಬಂದು, "ಅಜ್ಜ, ಕೈ ಬಿಡಿ" ಎಂದಳು. "ನಾನಲ್ಲ, ಅವಳೇ" ಎಂದರು ಮಾಮ.

ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟರು ಬಂದು, ಇವತ್ತಿನಿಂದ ನಡೆಸಿ ಎಂದಳು. ಮದ್ದು ಕೆಲಸ ಮಾಡುತ್ತಿರುವಾಗ ನಡೆದರೆ ತೊಂದರೆಯಿಲ್ಲ, ಮಲಗಿದರೇ ತೊಂದರೆ. ಮಾಸ್ತರ ವಾಕರ್ ತಂದ. ಟೈಲರಮ್ಮ ಮಾತ್ರೆ ನುಂಗಿ, ಹಲ್ಲು ಕಚ್ಚಿ, ವಾರ್ಡಿನ ಬಾಗಿಲು ದಾಟಿದರು. ಒಂದು ಕಡೆ ಮಾಸ್ತರ, ಇನ್ನೊಂದು ಕಡೆ ಮಾಮ. ವಾರ್ಡುಗಳ ನಡುವಿನ ಉದ್ದನೆಯ ಓಣಿ, ಎರಡೂ ಕಡೆ ಬಾಗಿಲು. ನಡುವೆ ಒಂದು ಬೆಂಚು. ಬೆಂಚಿನ ಹತ್ತಿರ ಬಂದಾಗ ಆಕೆಯ ಕಣ್ಣು ತುಂಬಿಕೊಂಡಿತು.

"ಸಾಕು ರೀ. ಕೂರ್ತೀನಿ."

ಮಾಸ್ತರ ಮಾಮನ ಕಡೆ ನೋಡಿದ.

ಮಾಮ ಹೆಂಡತಿಯ ಮುಖ ನೋಡಿದರೆ ಸೋಲುತ್ತೇನೆಂದು ಗೊತ್ತಿದ್ದು ಓಣಿಯ ತುದಿಯನ್ನೇ ನೋಡಿದರು. "ಆ ಕಿಟಕಿವರೆಗೆ" ಎಂದರು. "ಮಧ್ಯದಲ್ಲಿ ನಿಲ್ಲೋದು ಬೇಡ."

"ಕಲ್ಲು ಹೃದಯ ನಿಮ್ಮದು."

"ಹೂಂ."

"ನೋಯ್ತಿದೆ ಅಂದ್ರೆ ಅರ್ಥ ಆಗಲ್ವಾ?"

"ಆಗುತ್ತೆ. ನಡಿ."

ಟೈಲರಮ್ಮ ಬೈಯುತ್ತಲೇ ವಾಕರನ್ನು ಎತ್ತಿ ಮುಂದಿಟ್ಟರು. ಒಂದು ಹೆಜ್ಜೆಗೆ ಒಂದು ಬೈಗುಳ. ಗಂಡನಿಗೆ, ಮಾಸ್ತರನಿಗೆ, ಸೋಪಿಗೆ, ಓಣಿ ಅಷ್ಟು ಉದ್ದ ಕಟ್ಟಿದವನಿಗೆ. ಬೈಯಲು ಉಸಿರು ಸಾಲುತ್ತಿತ್ತು. ಮಾಮ ಒಂದೊಂದು ಬೈಗುಳವನ್ನೂ ಕಿವಿ ತುಂಬ ಕೇಳಿಸಿಕೊಳ್ಳುತ್ತಾ, ಆಕೆಯ ಹೆಜ್ಜೆಗೆ ತಮ್ಮ ಹೆಜ್ಜೆ ಕೂಡಿಸಿಕೊಂಡು, ಕಿಟಕಿಯವರೆಗೂ ನಡೆದರು.